ಪ್ಲಾಟ್ ಮಾರಿದ ಹನ್ನೆರಡು ಲಕ್ಷ: ಒಮ್ಮೆಲೇ, ಕಂತಿನಲ್ಲಿ, ಚಾರ್ಟ್ ನೋಡಿ

2024ರ ದಸರಾ ಮುಗಿದ ವಾರ. ಹುಬ್ಬಳ್ಳಿಯಲ್ಲಿದ್ದ ಮನೆತನದ ಪ್ಲಾಟ್ ಮಾರಾಟವಾಗಿ, ನನ್ನ ಪಾಲಿಗೆ ಬಂದದ್ದರಲ್ಲಿ ಸಾಲ, ತೆರಿಗೆ ಎಲ್ಲ ಕಳೆದು ಹನ್ನೆರಡು ಲಕ್ಷ ಉಳೀತು. ಹದಿನೈದು ವರ್ಷ ಈ ದುಡ್ಡು ಮುಟ್ಟೋದಿಲ್ಲ, ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50 ಇಂಡೆಕ್ಸ್‌ಗೇ ಹಾಕೋದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು. ಹಾಗಾಗಿ ಏನು ಕೊಳ್ಳಬೇಕು ಅನ್ನೋ ತಲೆನೋವು ಇರಲಿಲ್ಲ. ಹೇಗೆ ಕೊಳ್ಳಬೇಕು ಅನ್ನೋದೇ ಇದ್ದದ್ದು.

ಆಗ ಮಾರ್ಕೆಟ್ ಇದ್ದ ಜಾಗವೂ ಹಾಗೇ ಇತ್ತು. ಸೆಪ್ಟೆಂಬರ್ 27ಕ್ಕೆ ನಿಫ್ಟಿ 26,277 ಮುಟ್ಟಿ, ಅಲ್ಲಿಂದ ಜಾರಿ 25,000ದ ಹತ್ತಿರ ನಿಂತಿತ್ತು. ತೀರಾ ಮೇಲೂ ಅಲ್ಲ, ಅಗ್ಗ ಅಂತೂ ಅಲ್ವೇ ಅಲ್ಲ. ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇರುವ ನಮ್ಮ ಮಾವ ಫೋನ್ ಮಾಡಿ, "ಎಲ್ಲಾ ಒಮ್ಮೆಲೇ ಹಾಕಬ್ಯಾಡಪಾ, ನಾವು ಮೆಣಸಿನಕಾಯಿ ಒಂದ ದಿನಾ ತಗೋತೇವೇನು? ಆವಕ ನೋಡಿ, ದರಾ ನೋಡಿ, ಸ್ವಲ್ಪ ಸ್ವಲ್ಪ ತಗೋಬೇಕು" ಅಂದರು. ಮಾತು ಚೆನ್ನಾಗಿದೆ. ಆದರೆ ಮೆಣಸಿನಕಾಯಿಗೆ ಒಂದು ಸುಗ್ಗಿ ಅಂತ ಇರುತ್ತೆ, ಆವಕ ಜಾಸ್ತಿ ಆದಾಗ ದರ ಬೀಳುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಇಂಡೆಕ್ಸ್‌ಗೆ ಸುಗ್ಗಿ ಇಲ್ಲ. ಇಂಥ ತಿಂಗಳಲ್ಲಿ ಅಗ್ಗ ಆಗೇ ಆಗುತ್ತೆ ಅಂತ ಯಾರೂ ಹೇಳೋಕಾಗಲ್ಲ.

ಧಾರವಾಡದ ಆಫೀಸಿನ ಗೆಳೆಯ ಇದಕ್ಕೆ ಪೂರ್ತಿ ಉಲ್ಟಾ. ಅವನದು ಒಂದೇ ಮಾತು: "ಹದಿನೈದು ವರ್ಷ ಇಡೋದಾದ್ರ ಇವತ್ತ ಹಾಕಿಬಿಡ್ರಿ." ಅವನ ಹತ್ತಿರ ಆಧಾರವೂ ಇತ್ತು. ವ್ಯಾನ್‌ಗಾರ್ಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ದೇಶದ ಹಳೇ ಲೆಕ್ಕ ತೆಗೆದು ನೋಡಿತ್ತು. ಕೈಯಲ್ಲಿರೋ ದುಡ್ಡನ್ನು ಒಮ್ಮೆಲೇ ಹಾಕಿದವರು, ಅದನ್ನೇ ಹನ್ನೆರಡು ತಿಂಗಳ ಕಂತು ಮಾಡಿ ಹಾಕಿದವರಿಗಿಂತ ಸುಮಾರು ಮೂರರಲ್ಲಿ ಎರಡು ಸಲ ಮುಂದಿದ್ದರು. ಕಾರಣ ಸರಳ. ಮಾರ್ಕೆಟ್ ಇಳಿಯೋದಕ್ಕಿಂತ ಏರೋ ಕಾಲ ಜಾಸ್ತಿ, ಹೊರಗೆ ಕೂತ ದುಡ್ಡು ಆ ಏರಿಕೆ ಕಳ್ಕೊಳ್ಳುತ್ತೆ. ಉಳಿದ ಒಂದು ಸಲ ಕಂತು ಗೆಲ್ಲುತ್ತೆ, ಮತ್ತು ಆ ಒಂದು ಸಲವೇ ಜನಕ್ಕೆ ನಿದ್ದೆ ಕೆಡಿಸೋದು.

ಇಲ್ಲಿ ಒಂದು ವಿಷಯ ಬೇರೆ ಮಾಡಿಕೊಳ್ಳಬೇಕು. ಸಂಬಳದಿಂದ ತಿಂಗಳಾ ಹೋಗೋ ಎಸ್‌ಐಪಿ ಈ ಚರ್ಚೆಗೆ ಬರೋದೇ ಇಲ್ಲ. ಅಲ್ಲಿ ದುಡ್ಡು ಬರೋದೇ ತಿಂಗಳಿಗೊಮ್ಮೆ, ಬಂದ ಕೂಡಲೇ ಹಾಕ್ತೀವಿ, ಅದೂ ಒಂದು ರೀತಿ ಒಮ್ಮೆಲೇ ಹಾಕಿದ ಹಾಗೇ. ಡಾಲರ್ ಕಾಸ್ಟ್ ಆವರೇಜಿಂಗ್ ಅಂತ ಹೇಳಿ ವಾದ ಮಾಡಬೇಕಾದದ್ದು, ದುಡ್ಡು ಪೂರ್ತಿ ಕೈಯಲ್ಲಿದ್ದೂ ನಾವು ಬೇಕಂತಲೇ ತಡೆದು ತುಂಡು ತುಂಡು ಹಾಕಿದಾಗ ಮಾತ್ರ.

ನನಗೆ ಚಾರ್ಟ್ ನೋಡೋ ಚಟ ಹಳೇದು. ಟ್ರೇಡಿಂಗ್ ಮಾಡೋದಿಲ್ಲ, ಆದರೆ ವೀಕ್ಲಿ ಚಾರ್ಟ್ ಮೇಲೆ ಗೆರೆ ಎಳೆಯೋದು ಬಿಡೋಕಾಗಲ್ಲ. ಹಾಗಾಗಿ ಮೂರೂ ಬೆರೆಸಿದೆ. ನಾಲ್ಕು ಲಕ್ಷ ಅಕ್ಟೋಬರ್ ಮಧ್ಯದಲ್ಲೇ, ನಿಫ್ಟಿ 25,000 ಆಸುಪಾಸು ಇದ್ದಾಗ ಒಮ್ಮೆಲೇ. ನಾಲ್ಕು ಲಕ್ಷ ಲಿಕ್ವಿಡ್ ಫಂಡ್‌ನಲ್ಲಿಟ್ಟು, ಅಲ್ಲಿಂದ ಇಂಡೆಕ್ಸ್ ಫಂಡ್‌ಗೆ ತಾನಾಗೇ ಹೋಗೋ ಎಸ್‌ಟಿಪಿ ಕಂತು, ನವೆಂಬರ್‌ನಿಂದ ಜೂನ್‌ವರೆಗೆ ಪ್ರತಿ 5ನೇ ತಾರೀಕು ಐವತ್ತು ಸಾವಿರ. ಉಳಿದ ನಾಲ್ಕು ಲಕ್ಷ ಚಾರ್ಟ್ ಲೆವೆಲ್‌ಗಳಿಗೆ, ಅಂದರೆ ಚಾರ್ಟ್ ನೋಡಿ ಮೊದಲೇ ಗುರುತು ಮಾಡಿದ ಕೆಳಗಿನ ದರಗಳಿಗೆ. ಅದಕ್ಕೊಂದು ಕೊನೇ ದಿನ ಇಟ್ಟೆ: 2025ರ ಅಕ್ಟೋಬರ್ 15. ಅಷ್ಟರಲ್ಲಿ ಲೆವೆಲ್ ಬರದಿದ್ದರೆ, ಅವತ್ತು ಏನು ದರ ಇರುತ್ತೋ ಅದಕ್ಕೇ ಕೊಳ್ಳೋದು. ಈ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದು ಹೆಂಡತಿ ಕೈಗೆ ಕೊಟ್ಟೆ.

ಲೆವೆಲ್ ಆರಿಸಿದ್ದು ಹೀಗೆ. ಮೊದಲನೇದು 23,900. 2024ರ ಆಗಸ್ಟ್ 5ಕ್ಕೆ ಮಾರ್ಕೆಟ್ ಜೋರಾಗಿ ಬಿದ್ದಾಗ ನಿಫ್ಟಿ ಅಲ್ಲಿಂದಲೇ ಎದ್ದಿತ್ತು. ಎರಡನೇದು ನನಗೆ ಜಾಸ್ತಿ ನಂಬಿಕೆ ಇದ್ದದ್ದು, 22,500ರಿಂದ 22,800ರ ಪಟ್ಟಿ. ಅದೇ ವರ್ಷ ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ನಿಫ್ಟಿ ಅಲ್ಲಿಗೆ ಬಂದು ಬಂದು ತಲೆ ತಾಗಿಸಿಕೊಂಡು ವಾಪಸ್ ಹೋಗಿತ್ತು. ಹೀಗೆ ಮೇಲೆ ತಡೆದ ಜಾಗ, ದರ ದಾಟಿ ಹೋದ ಮೇಲೆ ಕೆಳಗೆ ಆಸರೆ ಆಗೋದು ಚಾರ್ಟ್‌ನಲ್ಲಿ ಮಾಮೂಲು. ಪಟ್ಟಿಯ ನಡುವೆ 22,600 ಅಂತ ಹಿಡಿದೆ. ಮೂರನೇದು 21,300, ಅಂದರೆ ಲೋಕಸಭೆ ಫಲಿತಾಂಶದ ದಿನ, ಜೂನ್ 4ರ ತಳ. ಅವತ್ತು ನಿಫ್ಟಿ 21,281ಕ್ಕೆ ಬಿದ್ದು ಮೇಲೆ ಬಂದಿತ್ತು. 23,900ಕ್ಕೆ ಒಂದು ಲಕ್ಷ, ಉಳಿದೆರಡಕ್ಕೆ ಒಂದೂವರೆ ಒಂದೂವರೆ.

ಗೆರೆ ಎಳೆಯೋದು ಸುಲಭ. ಆ ಗೆರೆಗೆ ದುಡ್ಡು ತಲುಪಿಸೋದು ನಿಜವಾದ ಕೆಲಸ, ಇದರ ಬಗ್ಗೆ ಯಾರೂ ಸರಿಯಾಗಿ ಹೇಳೋದಿಲ್ಲ. ಮ್ಯೂಚುವಲ್ ಫಂಡ್‌ನಲ್ಲಿ ದಿನದ ಕೊನೆಯ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ದರ ಸಿಗುತ್ತೆ, ಬೆಳಿಗ್ಗೆ ಹತ್ತು ನಿಮಿಷ ಮುಟ್ಟಿ ಹೋದ ದರ ಸಿಗಲ್ಲ. ಹಾಗಾಗಿ ಲೆವೆಲ್ ಪಾಲಿಗೆ ಷೇರಿನ ಹಾಗೆ ಎಕ್ಸ್‌ಚೇಂಜಿನಲ್ಲೇ ಕೊಳ್ಳೋ ನಿಫ್ಟಿ ಇಟಿಎಫ್ ಬಳಸಿದೆ, ಅದಕ್ಕೆ ಜಿಟಿಟಿ ಆರ್ಡರ್ ಹಾಕಿದೆ. ಜಿಟಿಟಿ ಅಂದರೆ ನಾವು ಹೇಳಿದ ದರ ಬಂದಾಗ ತಾನಾಗೇ ಎಕ್ಸ್‌ಚೇಂಜಿಗೆ ಹೋಗೋ ಆರ್ಡರ್. ನಾನು ಬಳಸೋ ಆಪ್‌ನಲ್ಲಿ ಅದು ಒಂದು ವರ್ಷ ಕಾಯುತ್ತೆ. ಆದರೆ ಅದು ಒಂದೇ ಸಲ ಹಾರೋ ಗುಂಡು. ಆರ್ಡರ್ ಹೊರಡೋ ಟ್ರಿಗರ್ ದರ, ನಾವು ಕೊಡೋಕೆ ಒಪ್ಪಿದ ಹೆಚ್ಚೆಂದರೆ ಲಿಮಿಟ್ ದರ, ಎರಡೂ ಒಂದೇ ಇಟ್ಟರೆ, ದರ ಅಲ್ಲಿ ಮುಟ್ಟಿ ಚಟ್ಟನೆ ಮೇಲೆ ಹಾರಿದಾಗ ಆರ್ಡರ್ ತುಂಬದೇ ಉಳಿದು ಸಂಜೆ ರದ್ದಾಗುತ್ತೆ. ಜಿಟಿಟಿಯೂ ಖರ್ಚಾಗಿರುತ್ತೆ. ಅದಕ್ಕೇ ನಾನು ಲಿಮಿಟ್ ದರವನ್ನು ಟ್ರಿಗರ್‌ಗಿಂತ ಒಂದು ರೂಪಾಯಿ ಮೇಲೆ ಇಟ್ಟೆ. ಕೆಳಗೆ ಓಪನ್ ಆದರೆ ಚಿಂತೆ ಇಲ್ಲ, ಇನ್ನೂ ಕಡಿಮೆಗೇ ಸಿಗುತ್ತೆ.

ಇನ್ನೊಂದು ಸೂಕ್ಷ್ಮ. ಗೆರೆ ಎಳೆದದ್ದು ನಿಫ್ಟಿ ಚಾರ್ಟ್ ಮೇಲೆ, ಆರ್ಡರ್ ಹಾಕೋದು ಇಟಿಎಫ್ ದರಕ್ಕೆ. ನಿಫ್ಟಿ 25,000 ಇದ್ದಾಗ ನನ್ನ ಇಟಿಎಫ್ 280 ರೂಪಾಯಿ ಹತ್ತಿರ ಇತ್ತು, ಅದೇ ಪ್ರಮಾಣದಲ್ಲಿ 22,600ಕ್ಕೆ ಎಷ್ಟು ಅಂತ ಲೆಕ್ಕ ಹಾಕಬಹುದು. ಆದರೆ ಕಂಪನಿಗಳು ಕೊಡೋ ಡಿವಿಡೆಂಡ್ ಇಟಿಎಫ್ ಒಳಗೇ ಸೇರುತ್ತಾ ಹೋಗುತ್ತೆ, ನಿಫ್ಟಿ ಅಂಕಿಗೆ ಸೇರೋದಿಲ್ಲ. ವರ್ಷಕ್ಕೆ ಒಂದು ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಅಕ್ಟೋಬರ್‌ನಲ್ಲಿ ಹಾಕಿದ ಟ್ರಿಗರ್ ಹಾಗೇ ಬಿಟ್ಟರೆ, ತಿಂಗಳುಗಟ್ಟಲೆ ಆದ ಮೇಲೆ ನಿಫ್ಟಿ 22,600 ಮುಟ್ಟಿದರೂ ಇಟಿಎಫ್ ಆ ದರಕ್ಕೆ ಬಂದಿರೋದಿಲ್ಲ, ಕೂದಲೆಳೆ ಮೇಲೇ ಇರುತ್ತೆ. ಎರಡು ಮೂರು ತಿಂಗಳಿಗೊಮ್ಮೆ ಆ ಪ್ರಮಾಣ ನೋಡಿ ಟ್ರಿಗರ್ ತಿದ್ದಬೇಕು.

ದುಡ್ಡು ಎಲ್ಲಿರಬೇಕು ಅನ್ನೋದು ಇನ್ನೂ ದೊಡ್ಡ ಕಿರಿಕಿರಿ. ಜಿಟಿಟಿ ಹಾಕುವಾಗ ಖಾತೆಯಲ್ಲಿ ದುಡ್ಡು ಬೇಕಿಲ್ಲ, ಹಾರುವಾಗ ಬೇಕು. ಇಲ್ಲದಿದ್ದರೆ ಆರ್ಡರ್ ರಿಜೆಕ್ಟ್. ಸರಿ, ಟ್ರೇಡಿಂಗ್ ಖಾತೆಯಲ್ಲೇ ಬಿಟ್ಟಿರೋಣ ಅಂದರೆ ಬಡ್ಡಿ ಇಲ್ಲ. ಅದೂ ಅಲ್ಲದೆ ಸೆಬಿ ನಿಯಮದ ಪ್ರಕಾರ ಬಳಸದ ದುಡ್ಡನ್ನು ಬ್ರೋಕರ್ ಮೂರು ತಿಂಗಳಿಗೊಮ್ಮೆ, ಕೆಲವರಿಗೆ ತಿಂಗಳಿಗೊಮ್ಮೆ, ವಾಪಸ್ ಬ್ಯಾಂಕಿಗೆ ಕಳಿಸಲೇಬೇಕು. ಅದು ಗೊತ್ತಿಲ್ಲದೆ ಕೂತರೆ ಲೆವೆಲ್ ಬಂದ ದಿನ ಖಾತೆ ಖಾಲಿ. ಲಿಕ್ವಿಡ್ ಫಂಡ್‌ನಲ್ಲಿಟ್ಟರೆ ಬಡ್ಡಿಯೇನೋ ಬರುತ್ತೆ, ಆದರೆ ತೆಗೆದರೆ ಮಾರನೇ ಕೆಲಸದ ದಿನ ಕೈಗೆ. ತಕ್ಷಣ ಸಿಗೋದು ದಿನಕ್ಕೆ ಐವತ್ತು ಸಾವಿರದವರೆಗೆ ಮಾತ್ರ, ಅದೂ ಆ ಸೌಲಭ್ಯ ಇರೋ ಫಂಡ್‌ನಲ್ಲಿ. ನಾನು ಮಾಡಿದ್ದು ಏನಂದರೆ, ಪ್ರತಿ ಲೆವೆಲ್‌ಗೆ ಮುನ್ನೂರು ಪಾಯಿಂಟ್ ಮೇಲೆ ಫೋನ್‌ನಲ್ಲಿ ಒಂದು ಅಲರ್ಟ್. ಅದು ಬಡಿದ ದಿನ ಲಿಕ್ವಿಡ್ ಫಂಡ್‌ನಿಂದ ಆ ಪಾಲು ತೆಗೆದು ಟ್ರೇಡಿಂಗ್ ಖಾತೆಗೆ. ಲೆವೆಲ್ ಬರೋ ಹೊತ್ತಿಗೆ ದುಡ್ಡು ಅಲ್ಲಿರುತ್ತೆ. ಒಂದೇ ದಿನ ಐನೂರು ಪಾಯಿಂಟ್ ಬಿದ್ದರೆ ಈ ಉಪಾಯ ನಡೆಯಲ್ಲ, ಅದು ಗೊತ್ತಿದ್ದೇ ಮಾಡಿದ್ದು.

ಮೊದಲನೇ ಲೆವೆಲ್ ಬಹಳ ಬೇಗ ಬಂತು. ದೀಪಾವಳಿ ಮುಗಿದು ಒಂದು ವಾರವೂ ಆಗಿರಲಿಲ್ಲ, ನವೆಂಬರ್ 4ಕ್ಕೆ ನಿಫ್ಟಿ ದಿನದ ನಡುವೆ 23,900ರ ಕೆಳಗೆ ಇಳಿಯಿತು. ಒಂದು ಲಕ್ಷ ಹೋಯ್ತು. ಎರಡನೇದು ಫೆಬ್ರುವರಿ ಕೊನೆಗೆ. 24ನೇ ತಾರೀಕು ನಿಫ್ಟಿ ನನ್ನ ಪಟ್ಟಿಯ ನಡುವಿಗೆ ಬಂತು, 22,600ಕ್ಕೆ ಒಂದೂವರೆ ಲಕ್ಷದ ಆರ್ಡರ್ ತುಂಬಿತು. ಸಂಜೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರ್ತಾ ಫೋನ್‌ನಲ್ಲಿ ಚಾರ್ಟ್ ನೋಡ್ಕೊಂಡು ಖುಷಿಯಲ್ಲೇ ಇದ್ದೆ. ಅದೇ ವಾರ ಶುಕ್ರವಾರ ನಿಫ್ಟಿ 22,124. ಮಾರ್ಚ್ 4ಕ್ಕೆ 22,000ದ ಕೆಳಗೂ ಇಣುಕಿತು. ನಾನು ಅಷ್ಟು ನಂಬಿದ್ದ ಆಸರೆ ನಾಲ್ಕೇ ದಿನದಲ್ಲಿ ಮುರಿದಿತ್ತು.

ಇಲ್ಲೇ ನನಗೆ ಒಂದು ವಿಷಯ ಸ್ಪಷ್ಟ ಆದದ್ದು. ಟ್ರೇಡ್ ಮಾಡೋನಿಗೆ ಲೆವೆಲ್ ಅಂದರೆ ಒಂದು ಅಂದಾಜು: ಇಲ್ಲಿಂದ ಏಳುತ್ತೆ. ಏಳದಿದ್ದರೆ ಅಂದಾಜು ತಪ್ಪು, ಇಷ್ಟಕ್ಕಿಂತ ಬಿದ್ದರೆ ಮಾರಿಬಿಡೋದು ಅಂತ ಇಟ್ಟ ಸ್ಟಾಪ್‌ಲಾಸ್ ಹೊಡೆದು ಹೊರಗೆ ಬರ್ತಾನೆ. ಹದಿನೈದು ವರ್ಷ ಇಡೋನಿಗೆ ಸ್ಟಾಪ್‌ಲಾಸ್ ಇಲ್ಲ. ಹಾಗಾಗಿ ಲೆವೆಲ್ ನಿಲ್ಲುತ್ತೋ ಮುರಿಯುತ್ತೋ ಅವನಿಗೆ ಸಂಬಂಧವೇ ಇಲ್ಲ. ಅದು ಈ ದರಕ್ಕೆ ಇಷ್ಟು ದುಡ್ಡು ಬಿಡ್ತೀನಿ ಅಂತ ಮೊದಲೇ ಬರೆದಿಟ್ಟ ಮಾತು ಅಷ್ಟೇ. ಆಗಸ್ಟ್ ತಳ, ಮಾರ್ಚ್ ಮೇಲ್ತುದಿ ಅಂತ ಹುಡುಕೋ ಬದಲು ಸುಮ್ನೆ ಐದು, ಹತ್ತು, ಹದಿನೈದು ಪರ್ಸೆಂಟ್ ಕೆಳಗೆ ಅಂತ ಗೆರೆ ಹಾಕಿದ್ದರೂ 23,750, 22,500, 21,250 ಬರ್ತಿತ್ತು. ನನ್ನ ಗೆರೆಗಳಿಗೂ ಇವಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ನೋಡಿ. ಚಾರ್ಟ್ ನನಗೆ ಕೊಟ್ಟದ್ದು ಧೈರ್ಯ, ದರ ಅಲ್ಲ.

ಲೆವೆಲ್ ಮುರಿದಾಗ ಬರೋ ಆಸೆ ಇನ್ನೊಂದು. ಮಾರ್ಚ್‌ನಲ್ಲಿ ಎಲ್ಲರ ಬಾಯಲ್ಲೂ 20,000. ಉಳಿದ 21,300ರ ಆರ್ಡರನ್ನು 20,500ಕ್ಕೆ ಇಳಿಸಿದರೆ ಇನ್ನೂ ಅಗ್ಗಕ್ಕೆ ಸಿಗುತ್ತಲ್ಲ ಅಂತ ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಹೆಂಡತಿ ನೋಟ್‌ಬುಕ್ ತಂದು ಮುಂದಿಟ್ಟು, "ನೀವ ಬರದೀರಲ್ಲ, ಇದರಾಗ 20,500 ಎಲ್ಲೈತ್ರಿ?" ಅಂದಳು. ಅಲ್ಲಿಗೆ ಮುಗೀತು. ದರ ಹತ್ತಿರ ಬಂದ ಹಾಗೆ ಗೆರೆ ಕೆಳಗೆ ಸರಿಸೋದು ಶುರುವಾದರೆ ಆ ದುಡ್ಡು ಯಾವತ್ತೂ ಒಳಗೆ ಹೋಗಲ್ಲ. ಇಳಿಯುವಾಗ ಇನ್ನೂ ಇಳೀಲಿ ಅನಿಸುತ್ತೆ, ಏರಿದ ಮೇಲೆ ಹಳೇ ದರ ಬರಲಿ ಅನಿಸುತ್ತೆ.

ಏಪ್ರಿಲ್ 7 ಬಂತು. ಅಮೆರಿಕದ ಸುಂಕದ ಗಲಾಟೆಯಲ್ಲಿ ಜಗತ್ತಿನ ಮಾರ್ಕೆಟ್‌ಗಳೆಲ್ಲ ಬಿದ್ದ ಸೋಮವಾರ. ನಿಫ್ಟಿ ಓಪನ್ ಆಗಿದ್ದೇ 21,758ಕ್ಕೆ, ಸ್ವಲ್ಪ ಹೊತ್ತಿಗೆ 21,743. ಅಲರ್ಟ್ 21,600ಕ್ಕಿತ್ತು, ಅದೂ ಬಡಿಯಲಿಲ್ಲ. ಅಲ್ಲಿಂದ ಎದ್ದು ಸಂಜೆಗೆ 22,161. ನನ್ನ ಗೆರೆಗೆ ಎರಡು ಪರ್ಸೆಂಟ್ ಬಾಕಿ ಇದ್ದಾಗಲೇ ತಿರುಗಿತು. ತಮಾಷೆ ಅಂದರೆ, ಏಪ್ರಿಲ್ 5 ಶನಿವಾರ ಆದ್ದರಿಂದ ನನ್ನ ಎಸ್‌ಟಿಪಿ ಕಂತು ಮುಂದಿನ ಕೆಲಸದ ದಿನಕ್ಕೆ, ಅಂದರೆ ಇದೇ ಸೋಮವಾರಕ್ಕೆ ಬಿದ್ದಿತ್ತು. ಗೆರೆ ಎಳೆದು ಕಾದ ದುಡ್ಡು ಹೊರಗೇ ಕೂತಿತು, ಕ್ಯಾಲೆಂಡರ್ ನೋಡಿ ಹೋದ ಐವತ್ತು ಸಾವಿರ ಎಂಟು ಕಂತುಗಳಲ್ಲೇ ಅಗ್ಗದ ದರಕ್ಕೆ ಒಳಗೆ ಹೋಯಿತು.

ಆಮೇಲೆ 21,300 ಬರಲೇ ಇಲ್ಲ. ಮೇ 5ಕ್ಕೆ 24,461, ಜೂನ್ ಕೊನೆಗೆ 25,500. ಒಂದೂವರೆ ಲಕ್ಷ ಲಿಕ್ವಿಡ್ ಫಂಡ್‌ನಲ್ಲೇ ಕೂತು, ಅಕ್ಟೋಬರ್ 15ಕ್ಕೆ 25,300ರ ಆಸುಪಾಸು ಒಳಗೆ ಹೋಯ್ತು. ಮೊದಲ ದಿನ ಹಾಕಿದ ದರಕ್ಕಿಂತ ಮೇಲೆ. ಕೊನೇ ದಿನ ಅಂತ ಒಂದು ಬರೆದಿರದಿದ್ದರೆ ಅವತ್ತೂ ಹೋಗ್ತಿರಲಿಲ್ಲ.

ಪೂರ್ತಿ ಲೆಕ್ಕ ಹಾಕಿದಾಗ ಬಂದದ್ದು ಇದು. ಎಸ್‌ಟಿಪಿಯ ಎಂಟು ಕಂತುಗಳ ಸರಾಸರಿ ದರ ನಿಫ್ಟಿ ಲೆಕ್ಕದಲ್ಲಿ ಸುಮಾರು 23,700. ಚಾರ್ಟ್ ನೋಡಿ ಹಾಕಿದ ನಾಲ್ಕು ಲಕ್ಷದ ಸರಾಸರಿ ಸುಮಾರು 23,880. ಕಣ್ಮುಚ್ಚಿ ತಾರೀಕಿಗೆ ಹಾಕಿದ್ದು, ಕಣ್ಬಿಟ್ಟು ಕಾದದ್ದಕ್ಕಿಂತ ಅಗ್ಗ. ಹನ್ನೆರಡೂ ಲಕ್ಷ ಸೇರಿಸಿ ನನ್ನ ದರ 24,180. ಗೆಳೆಯ ಹೇಳಿದ ಹಾಗೆ ಮೊದಲ ದಿನವೇ ಎಲ್ಲ ಹಾಕಿದ್ದರೆ 25,000. ಅಂದರೆ ನನಗೆ ಮೂರು ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ ಯೂನಿಟ್ ಸಿಕ್ಕಿದೆ. ಹದಿಮೂರು ಪರ್ಸೆಂಟ್‌ಗೂ ಜಾಸ್ತಿ ಬಿದ್ದ ಮಾರ್ಕೆಟ್‌ನಲ್ಲಿ, ಅಷ್ಟೆಲ್ಲ ಅಲರ್ಟ್, ಜಿಟಿಟಿ ಇಟ್ಟುಕೊಂಡು, ಬಂದದ್ದು ಅಷ್ಟೇ.

ಯಾಕೆ ಅಷ್ಟೇ ಅಂತ ನೋಡಿದರೆ, ಒಂದೊಂದು ಲೆವೆಲ್‌ಗೆ ಇಟ್ಟ ಪಾಲು ಚಿಕ್ಕದು. 21,300 ಬಂದಿತ್ತು ಅಂತಲೇ ಇಟ್ಕೊಳ್ಳಿ. ಅದು 25,000ಕ್ಕಿಂತ ಸುಮಾರು ಹದಿನೈದು ಪರ್ಸೆಂಟ್ ಕೆಳಗೆ. ಆದರೆ ಅಲ್ಲಿ ಹೋಗ್ತಿದ್ದದ್ದು ಹನ್ನೆರಡು ಲಕ್ಷದಲ್ಲಿ ಒಂದೂವರೆ. ಒಟ್ಟು ಯೂನಿಟ್ ಮೇಲೆ ಅದರ ಲಾಭ ಎರಡು ಪರ್ಸೆಂಟ್ ಚಿಲ್ಲರೆ. ಲಾಭ ದೊಡ್ಡದಾಗಬೇಕಂದರೆ ಕೆಳಗಿನ ಲೆವೆಲ್‌ಗೆ ಐದಾರು ಲಕ್ಷ ತಡೆದಿಡಬೇಕು. ಹಾಗೆ ತಡೆದಿಟ್ಟಾಗ ಲೆವೆಲ್ ಬರದೇ ಹೋದರೆ ಅರ್ಧ ದುಡ್ಡು ಹೊರಗೇ ಉಳಿಯುತ್ತೆ.

ಅದು ಹೇಗಿರುತ್ತೆ ಅಂತ ಗದಗಿನಲ್ಲಿರೋ ನಮ್ಮ ಚಿಗವ್ವನ ಮಗನನ್ನು ಕೇಳಬೇಕು. 2023ರ ಮಾರ್ಚ್‌ನಲ್ಲಿ ನಿಫ್ಟಿ 16,828ಕ್ಕೆ ಬಂದು ಎದ್ದಿತ್ತು. ಏಪ್ರಿಲ್ ಮೊದಲ ವಾರ ಅವನ ಕೈಗೆ ಎಫ್‌ಡಿ ದುಡ್ಡು ಬಂದಾಗ 17,400. ಇನ್ನೊಂದು ಸಲ 16,800 ಬರಲಿ ಅಂತ ಪೂರ್ತಿ ದುಡ್ಡು ಇಟ್ಟುಕೊಂಡು ಕೂತ. ಚಾರ್ಟ್ ಪ್ರಕಾರ ಗೆರೆ ತಪ್ಪೇನಲ್ಲ. ಸೆಪ್ಟೆಂಬರ್‌ಗೆ ನಿಫ್ಟಿ 20,000 ದಾಟಿತು. ಅಕ್ಟೋಬರ್‌ನಲ್ಲಿ ಬಿದ್ದಾಗಲೂ 18,800ಕ್ಕೇ ನಿಂತಿತು. ಅವನು ಮೊದಲ ದಿನ ಬೇಡ ಅಂದ ದರಕ್ಕಿಂತ ಆ ತಳವೇ ಸಾವಿರದ ನಾನೂರು ಪಾಯಿಂಟ್ ಮೇಲಿತ್ತು. ನನ್ನ ಕಾಲದಲ್ಲಿ ಕಂತು ಗೆದ್ದದ್ದು, ಮಾರ್ಕೆಟ್ ಬಿದ್ದು ಎದ್ದದ್ದಕ್ಕೆ. ಅವನ ಕಾಲದಲ್ಲಿ ಒಮ್ಮೆಲೇ ಹಾಕಿದವನೇ ಗೆದ್ದ.

ಈಗ ಅಕ್ಕನ ರಿಟೈರ್‌ಮೆಂಟ್ ದುಡ್ಡಿನಲ್ಲಿ ಒಂದು ಪಾಲಿಗೆ ಇದೇ ಪ್ರಶ್ನೆ ಬಂದಿದೆ, ಅವಳಿಗೆ ನಾನು ಪ್ಲಾನ್ ಬದಲಿಸಿ ಹೇಳಿದ್ದೇನೆ. ಲೆವೆಲ್‌ಗೆ ಅಂತ ಬೇರೆ ದುಡ್ಡು ತೆಗೆದಿಡೋದೇ ಬೇಡ. ಒಂದು ಪಾಲು ಇವತ್ತು, ಉಳಿದದ್ದು ಎಂಟು ತಿಂಗಳ ಕಂತು. ನಡುವೆ ಚಾರ್ಟ್ ಲೆವೆಲ್ ಬಂದರೆ, ಕೊನೇ ತಿಂಗಳ ಕಂತನ್ನು ಅವತ್ತೇ ಕಟ್ಟಿಬಿಡೋದು. ಇನ್ನೊಂದು ಲೆವೆಲ್ ಬಂದರೆ ಅದರ ಹಿಂದಿನ ಕಂತು. ಲೆವೆಲ್ ಬರದಿದ್ದರೆ ಆ ಕಂತು ತನ್ನ ತಾರೀಕಿಗೆ ಹೋಗುತ್ತೆ, ಕಾಯ್ತಾ ಕೂರೋ ದುಡ್ಡೇ ಇರೋದಿಲ್ಲ. ನನ್ನ ಕಂತು ಮತ್ತು ಲೆವೆಲ್ ಪಾಲು ಸೇರಿದ ಎಂಟು ಲಕ್ಷವನ್ನು ಹೀಗೆ ತಿಂಗಳಿಗೆ ಒಂದೊಂದು ಲಕ್ಷ ಮಾಡಿ, 23,900 ಮತ್ತು 22,600ಕ್ಕೆ ಜೂನ್, ಮೇ ಕಂತು ಮುಂಚೆ ಕಟ್ಟಿದ ಹಾಗೆ ಲೆಕ್ಕ ಹಾಕಿ ನೋಡಿದೆ. ಸರಾಸರಿ ಸುಮಾರು 23,370 ಬಂತು. ಬರೀ ಕಂತಿಗಿಂತ ಒಂದೂವರೆ ಪರ್ಸೆಂಟ್ ಒಳ್ಳೇದು. ಕಳೆದುಹೋದ ಮಾರ್ಕೆಟ್ ಮೇಲೆ ಹಾಕಿದ ಲೆಕ್ಕ, ಅದನ್ನು ಹಾಗೇ ತಗೋಬೇಕು. ಬಿದ್ದ ಮಾರ್ಕೆಟ್ ಬೀಳುತ್ತಲೇ ಹೋದರೆ ಮುಂಚೆ ಕಟ್ಟಿದ ಕಂತು ದುಬಾರಿ ಬೀಳುತ್ತೆ.

ತೆರಿಗೆ ವಿಷಯವೂ ಅಕ್ಕನಿಗೆ ಹೇಳಿದೆ. ಲಿಕ್ವಿಡ್ ಫಂಡ್‌ನಿಂದ ಹೋಗೋ ಪ್ರತಿ ಕಂತೂ ಒಂದು ಮಾರಾಟ, ಅದರ ಚಿಕ್ಕ ಲಾಭಕ್ಕೆ ಅವಳ ಸ್ಲ್ಯಾಬ್ ಪ್ರಕಾರ ತೆರಿಗೆ. ಆ ಕಡೆ ಇಂಡೆಕ್ಸ್ ಫಂಡ್‌ನಲ್ಲಿ ಕಡಿಮೆ ತೆರಿಗೆಗೆ ಬೇಕಾದ ಒಂದು ವರ್ಷ ಪ್ರತಿ ಕಂತಿಗೂ ಅದರ ತಾರೀಕಿನಿಂದಲೇ ಶುರು.

ಅವಳು ಎಲ್ಲ ಕೇಳಿ, ಹಾಳೆಯಲ್ಲಿ ಕಂತಿನ ತಾರೀಕು ಬರ್ಕೊಂಡು, ಕೊನೆಗೆ ಕೇಳಿದ್ದು: "ಅಲ್ಲೋ, ಎಲ್ಲಾ ಕಂತು ಮುಗದ ಮ್ಯಾಲೆ ನಿನ್ನ 21,300 ಬಂದ್ರ ಏನ್ ಮಾಡೂದು?"

"ಏನೂ ಇಲ್ಲಕ್ಕ. ಆಗ ನಿನ್ನ ಹತ್ರ ರೊಕ್ಕ ಇರೂದಿಲ್ಲ. ಆ ತಿಂಗಳ ನನ್ನ ಸಂಬಳದ ಎಸ್‌ಐಪಿ ಅಲ್ಲಿ ತಗೋತೈತಿ."